ಇಪ್ಪತ್ತೇಳು, ಮೂವತ್ತೇಳು ಮತ್ತು ಶೀಲಕ್ಕನ ಎಣ್ಣೆಸ್ನಾನ

"ಪೂಜ್ಯ ಶೀಲಕ್ಕನವರಿಗೆ ನಮಸ್ಕಾರಗಳು. ನನ್ನ ಅಕ್ಷರ ಚೆನ್ನಾಗಿಲ್ಲ, ದಯವಿಟ್ಟು ಕ್ಷಮಿಸಬೇಕು. ಮಾತು ಜೋಡಿಸಲಿಕ್ಕೂ ನನಗೆ ಸರಿಯಾಗಿ ಬರುವುದಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು."

ಇಷ್ಟು ಬರೆದು ಪ್ರಫುಲ್ಲಾ ಪೆನ್ನಿನ ಮುಚ್ಚಳ ಹಾಕಿದಳು. ಇದು ನಾಲ್ಕನೆಯ ಕಾಗದ. ಮೊದಲಿನ ಮೂರನ್ನು ಹರಿದದ್ದು ತಪ್ಪಿಗಾಗಿ ಅಲ್ಲ, ತಪ್ಪಾಗಬಹುದು ಎಂಬ ಹೆದರಿಕೆಗೆ. ಅಕ್ಷರದ ಬಗ್ಗೆ ಅವಳು ಹೇಳಿದ್ದೇನೂ ವಿನಯದ ಮಾತಾಗಿರಲಿಲ್ಲ. ಒಂದೊಂದು ಅಕ್ಷರವನ್ನೂ ಬೇರೆ ಬೇರೆಯಾಗಿ ಒತ್ತಿ ಬರೆಯುವ ಅಭ್ಯಾಸ ಅವಳದು. ಪಕ್ಕದ ಅಕ್ಷರದ ಪರಿಚಯವೇ ಇಲ್ಲದವುಗಳಂತೆ ಅವು ಸಾಲಿನಲ್ಲಿ ನಿಂತಿರುತ್ತಿದ್ದವು, ಬೆಳಗಿನ ಲೋಕಲ್ ರೈಲಿನ ಜನರ ಹಾಗೆ.

ಗುರುವಾರ ಕ್ಲಬ್ಬಿಗೆ ರಜೆ. ಮುಂಬೈಯ ಭಾಂಡುಪಿನ ಚಾಳಿನ ಗ್ಯಾಲರಿಯಲ್ಲಿ, ಒಗೆದು ಹಾಕಿದ ಬಟ್ಟೆಗಳ ಕೆಳಗೆ, ಮಣೆಯ ಮೇಲೆ ಕಾಗದ ಇಟ್ಟುಕೊಂಡು ಅವಳು ಕುಳಿತಿದ್ದಳು. ಶನಿವಾರದೊಳಗೆ ಶೀಲಕ್ಕ ಹೆಲ್ತ್ ಕ್ಲಬ್ಬಿಗೆ ಸೇರಿದರೆ ಪ್ರಫುಲ್ಲಾ ಟ್ರೇನರ್. ಸೇರದಿದ್ದರೆ ಅವಳು ಮತ್ತೆ ಟವೆಲ್ ಕೊಡುವ ಹುಡುಗಿ. ನಡುವೆ ನಿಂತದ್ದು ಈ ಪತ್ರವೊಂದೇ. ಮಾತನಾಡಲಾರದ ಹುಡುಗಿಯ ಭವಿಷ್ಯವನ್ನು ದೇವರು ಪತ್ರಕ್ಕೆ ಒಪ್ಪಿಸಿದ್ದು ಒಂದು ಲೆಕ್ಕಕ್ಕೆ ದಯೆಯೇ. ಆದರೆ ಪತ್ರದಲ್ಲಿ ಬರೆಯಬೇಕಾದ ಸಂಖ್ಯೆ ಯಾರಿಗೂ ಬೇಡವಾದದ್ದಾಗಿತ್ತು.

ಪ್ರಫುಲ್ಲಾಳಿಗೆ ಆಗ ಹದಿನೆಂಟು. ತಂದೆ ಪೂವಪ್ಪ ಬಟ್ಟೆ ಗಿರಣಿಯ ಕೆಲಸ ಹೋದ ಮೇಲೆ ಕ್ಯಾಂಟೀನೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಅವಳು ಲೆಕ್ಕದಲ್ಲಿ ಮೊದಲಿಗಳು. ಮುಂದಿನ ಶಾಲೆ ದೂರ. ಅಲ್ಲಿನ ಮಾಸ್ತರರಿಗೋ ಎಬ್ಬಿಸಿ ನಿಲ್ಲಿಸಿ ಉತ್ತರ ಹೇಳಿಸುವ ಚಟ. ಪ್ರಫುಲ್ಲಾ ಎದ್ದು ನಿಲ್ಲುತ್ತಿದ್ದಳು. ಉತ್ತರ ಮಾತ್ರ ಕುಳಿತೇ ಇರುತ್ತಿತ್ತು. ಒಂಬತ್ತನೆಯ ತರಗತಿಯ ನಡುವೆ ಅವಳು ಶಾಲೆ ಬಿಟ್ಟಾಗ, ಅವಳಿಗೆ ಏನೂ ಬರುವುದಿಲ್ಲವೆಂದು ಇಡೀ ಶಾಲೆ ನಂಬಿತ್ತು. ಅವಳೂ ನಂಬಿದ್ದಳು.

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಬಿಲ್ಡಿಂಗೊಂದರ ಎರಡನೆಯ ಮಾಳಿಗೆಯಲ್ಲಿ ಕಾಂತಪ್ಪನವರ ಹೆಲ್ತ್ ಕ್ಲಬ್. ಬೆಳಿಗ್ಗೆ ಸಂಜೆ ಗಂಡಸರಿಗೆ, ಹನ್ನೊಂದರಿಂದ ನಾಲ್ಕರವರೆಗೆ ಹೆಂಗಸರಿಗೆ. ಕಾಂತಪ್ಪ ಒಂದು ಕಾಲಕ್ಕೆ ಮೈಕಟ್ಟಿನ ಸ್ಪರ್ಧೆಗಳಲ್ಲಿ ಕಪ್ಪು ಗೆದ್ದವರು. ಆ ಕಪ್ಪುಗಳೆಲ್ಲ ಈಗಲೂ ಕಪಾಟಿನಲ್ಲಿದ್ದವು. ಮೈಕಟ್ಟು ಮಾತ್ರ ಇರಲಿಲ್ಲ. ಹೆಂಗಸರ ಹೊತ್ತಿನಲ್ಲಿ ಟವೆಲ್ ಮಡಿಸಲು ಪ್ರಫುಲ್ಲಾ ಸೇರಿಕೊಂಡ ವರ್ಷವೇ ಕಾಂತಪ್ಪನ ದೊಡ್ಡಪ್ಪನ ಮಗ ಬಹರೈನಿನಿಂದ ಎರಡು ವಸ್ತು ತಂದುಕೊಟ್ಟ. ಒಂದು, ಚರ್ಮದ ಮಡಿಕೆ ಅಳೆಯುವ ಕ್ಯಾಲಿಪರ್. ಇನ್ನೊಂದು, ಅದನ್ನು ಹೇಗೆ ಹಿಡಿಯಬೇಕೆಂದು ಹೇಳುವ ಇಂಗ್ಲಿಷ್ ಪುಸ್ತಕ. ಹೆಂಗಸರು ಕ್ಯಾಲಿಪರಿಗೆ 'ಇಕ್ಕಳ' ಎಂದು ಹೆಸರಿಟ್ಟರು; ಕಾಂತಪ್ಪನ ಕೈಯಲ್ಲಿ ಅದನ್ನು ಕಂಡೊಡನೆ ಸೆರಗು ಬಿಗಿದು ಲೋಕಲ್ ಹಿಡಿದರು. ಹಾಗಾಗಿ ಇಕ್ಕಳ ಪ್ರಫುಲ್ಲಾಳ ಕೈಗೆ ಬಂತು.

ಡಿಕ್ಷನರಿ ಇಟ್ಟುಕೊಂಡು ಆ ಪುಸ್ತಕವನ್ನು ಅವಳು ಏಳು ತಿಂಗಳು ಓದಿದಳು. ತನ್ನ ತೋಳು, ಅವ್ವನ ಸೊಂಟ, ನೆರೆಮನೆಯ ಅಕ್ಕು ಬಾಯಿಯ ತೊಡೆ, ಯಾವುದನ್ನೂ ಬಿಡಲಿಲ್ಲ. ಪುಸ್ತಕ ಎರಡು ಸಲ ಅಳೆಯಿರಿ ಎಂದರೆ ಅವಳು ಮೂರು ಸಲ ಅಳೆದಳು. "ಈ ಹುಡುಗಿಗೆ ಮದುವೆಯಾದರೆ ಗಂಡನನ್ನು ಚಿವುಟಿಯೇ ಕೊಲ್ತಾಳೆ" ಎಂದು ಅಕ್ಕು ಬಾಯಿ ಚಾಳಿಗೆಲ್ಲ ಹೇಳಿಕೊಂಡು ನಕ್ಕಿದ್ದಳು. ಕ್ಲಬ್ಬಿನಲ್ಲಿ ಹದಿಮೂರು ಹೆಂಗಸರನ್ನು ಅಳೆದಾಗಿತ್ತು. ಆದರೆ ಅವರೆಲ್ಲ ಮೊದಲೇ ಸೇರಿದ್ದವರು. ಅಳತೆ ಕೇಳಿಕೊಂಡೇ ಬಂದ ಹೊಸಬರಲ್ಲಿ ಶೀಲಾವತಿಯೇ ಮೊದಲು.

ಶೀಲಾವತಿ, ಎಲ್ಲರ ಬಾಯಲ್ಲಿ ಶೀಲಕ್ಕ, ಎರಡು ಗಲ್ಲಿ ಆಚೆಗಿನ ಹೋಟೆಲಿನ ಧಣಿಯ ಹೆಂಡತಿ. ನಲವತ್ತೆರಡು ವಯಸ್ಸು. ಮಾಟುಂಗದ ಸಭಾಗೃಹವೊಂದರಲ್ಲಿ ನಡೆದ ಮದುವೆಯೊಂದರ ವಿಡಿಯೊ ಕ್ಯಾಸೆಟ್ಟಿನಲ್ಲಿ, ವಧೂವರರ ಬದಲು ತಮ್ಮ ಬೆನ್ನೇ ಐದು ನಿಮಿಷ ಕಂಡದ್ದನ್ನು ಎಲ್ಲರೊಡನೆ ಕೂತು ನೋಡಿದ್ದರು. "ನೋಡಿ, ನಮ್ಮ ಶೀಲಕ್ಕ ಪರದೆ ಎಳೆದ್ರು" ಎಂದು ಓರಗಿತ್ತಿ ಅಂದಿದ್ದಳು. ಮರುವಾರವೇ ಅವರು ಕ್ಲಬ್ಬಿನ ಮೆಟ್ಟಿಲು ಹತ್ತಿದರು. ಹೊಸ ಕೆಲಸಕ್ಕೆ ಶುಕ್ರವಾರ ಒಳ್ಳೆಯದು. ಶುಕ್ರವಾರವೆಂದ ಮೇಲೆ ತೆಂಗಿನೆಣ್ಣೆ ಕಾಯಿಸಿ ನೆತ್ತಿಯಿಂದ ಪಾದದವರೆಗೆ ತಿಕ್ಕಿಕೊಂಡು ಮಿಂದೇ ಬರಬೇಕು. ಬಂದರು. ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ದೇವಸ್ಥಾನದ ಪ್ರಸಾದ. ದೇವರ ಕಡೆಯಿಂದ ಯಾವ ಕೊರತೆಯೂ ಇರಲಿಲ್ಲ.

ಪರದೆಯ ಹಿಂದೆ, ಕ್ಲಬ್ಬಿನ ನೈಟಿ ತೊಟ್ಟು ನಿಂತು, ಅವರು ಮಾತನಾಡುತ್ತಲೇ ಇದ್ದರು.

"ಮೊದಲು ನಾನು ಹೀಗೆ ಇರ್ಲಿಲ್ಲ ಮಗಾ. ಹೋಟೆಲು ಸಣ್ಣದಿರುವಾಗ ದಿನಕ್ಕೆ ಎಂಟು ಸೇರು ಹಿಟ್ಟು ಒರಳಲ್ಲಿ ಈ ಕೈಯಲ್ಲೇ ಕಡೆಯುದು. ಹದಿನಾಲ್ಕು ವರ್ಷ. ಆಮೇಲೆ ಕರೆಂಟಿನ ಗ್ರೈಂಡರ್ ತಂದ್ರು. ಹಿಟ್ಟು ನುಣ್ಣಗಾಯ್ತು, ನಾನು ಹೀಗಾದೆ. ಅಯ್ಯೋ, ತಣ್ಣಗುಂಟು ನಿನ್ನ ಇಕ್ಕಳ!"

ಪ್ರಫುಲ್ಲಾ ತೂಕ ಬರೆದಳು: ಅರವತ್ತಾರು ಕಿಲೋ. ಬಲಗೈಯ ಹಿಂಭಾಗದಲ್ಲಿ, ಹೆಗಲಿಗೂ ಮೊಳಕೈಗೂ ಸರಿಯಾಗಿ ನಡುವೆ ಗುರುತು ಮಾಡಿದಳು. ಹೆಬ್ಬೆರಳು ತೋರುಬೆರಳಿನಲ್ಲಿ ಮಡಿಕೆ ಎತ್ತಿ, ಬೆರಳಿಗಿಂತ ಒಂದು ಸೆಂಟಿಮೀಟರ್ ಕೆಳಗೆ ಇಕ್ಕಳ ಕಚ್ಚಿಸಿ, ಎರಡು ಎಣಿಸುವಷ್ಟು ಕಾದು ಮುಳ್ಳು ನೋಡಬೇಕು. ಎರಡು ಎಣಿಸುವುದರೊಳಗೆ ಮಡಿಕೆ ಬೆರಳಿನಿಂದ ಮೀನಿನ ಹಾಗೆ ಜಾರಿತು. ಇನ್ನೊಮ್ಮೆ ಎತ್ತಿದಳು, ಜಾರಿತು. ಮೊದಲು ಹದಿನಾರು ಮಿಲಿಮೀಟರ್, ಆಮೇಲೆ ಇಪ್ಪತ್ತು, ಆಮೇಲೆ ಹದಿನೆಂಟು. ಒಂದೆರಡಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದೆಂದು ಪುಸ್ತಕ ಹೇಳಿತ್ತು. ಗಟ್ಟಿಯಾಗಿ ಹಿಡಿಯಲು ಅವಳಿಗೆ ಸಂಕೋಚ. ಅದೂ ಧಣಿಯ ಹೆಂಡತಿಯ ತೋಳು. 'ನಿಮ್ಮ ಮೈಯಲ್ಲಿ ಎಣ್ಣೆ ಉಂಟು, ಇನ್ನೊಂದು ದಿನ ಬನ್ನಿ' ಎಂಬ ಮಾತು ಬಾಯಿಯವರೆಗೆ ಬಂದು, ಶಾಲೆಯಲ್ಲಿ ಮಾಡಿದಂತೆ, ಅಲ್ಲೇ ಕುಳಿತುಕೊಂಡಿತು. ಸೊಂಟದ ಎಲುಬಿನ ಮೇಲೆ ಇಪ್ಪತ್ತು, ತೊಡೆಯ ಮುಂಭಾಗದಲ್ಲಿ ಇಪ್ಪತ್ತೆಂಟು. ತೋಳಿನ ಸರಾಸರಿ ಹದಿನೆಂಟನ್ನೂ ಸೇರಿಸಿದರೆ ಒಟ್ಟು ಅರವತ್ತಾರು ಮಿಲಿಮೀಟರ್. ಪಟ್ಟಿಯಲ್ಲಿ ಆ ಮೊತ್ತದ ಸಾಲಿಗೂ ವಯಸ್ಸಿನ ಕಾಲಮ್ಮಿಗೂ ಬೆರಳಿಟ್ಟಾಗ ಸಿಕ್ಕಿದ್ದು ಶೇಕಡಾ ಇಪ್ಪತ್ತೇಳು.

"ಎಷ್ಟು ಬಂತು?" ಎಂದು ಪರದೆಯ ಆಚೆಯಿಂದ ಕಾಂತಪ್ಪ.

ಅವಳು ಚೀಟಿಯನ್ನು ಪರದೆಯ ಕೆಳಗಿನಿಂದ ದಾಟಿಸಿದಳು.

"ಟ್ವೆಂಟಿಸೆವೆನ್ನಾ?" ಕಾಂತಪ್ಪ ಕೂಗಿಕೊಂಡರು. "ಅದು ಎಲ್ಲರಿಗೂ ಇರುವ ಸಾಧಾರಣ ಅಲ್ಲವಾ! ಅರೇ ಯಾರ್!"

ಅವರು ನೊಂದು ಕೂಗಿದ್ದು. ಪರದೆಯ ಈಚೆಗೆ ಅದು ವರವಾಗಿ ಕೇಳಿಸಿತು. ಶೀಲಕ್ಕ ಕನ್ನಡಿ ನೋಡಿಕೊಂಡರು, ಮಲ್ಲಿಗೆ ಸರಿಮಾಡಿಕೊಂಡರು. "ಸಾಧಾರಣವಂತಾ? ನಾನು ನಲವತ್ತಾದರೂ ಇರ್ತದೆ ಅಂತ ಹೆದರಿದ್ದೆ ಮಾರಾಯ್ತಿ" ಎಂದು ಹೇಳಿ, ಸೇರುವ ಮಾತೆತ್ತದೆ, ಇಪ್ಪತ್ತೇಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಳಿದು ಹೋದರು.

ಕಾಂತಪ್ಪ ಪ್ರಫುಲ್ಲಾಳನ್ನು ಕರೆದು ಕುರ್ಚಿ ತೋರಿಸಿದರು. ಅವಳು ನಿಂತೇ ಇದ್ದಳು.

"ನೋಡು ಪ್ರಫುಲ್ಲಾ, ಡಾಕ್ಟರ ಹತ್ತಿರ ಹೋದವರಿಗೆ 'ನಿಮಗೆ ಏನೂ ಇಲ್ಲ' ಅಂತ ಹೇಳಿದರೆ ಡಾಕ್ಟರು ಉಪವಾಸ. ನೀನೊಂದು ಲೆಟರ್ ಬರಿ. ಕನ್ನಡದಲ್ಲಿ, ಅವರಿಗೆ ಅರ್ಥ ಆಗುವ ಹಾಗೆ. ಲೆಕ್ಕ ತಪ್ಪಿತ್ತು, ಮೂವತ್ತೇಳು ಉಂಟು ಅಂತ ಬರಿ."

"ಇಪ್ಪತ್ತೇಳು ಬಂದದ್ದು, ಕಾಂತಣ್ಣ."

"ಒಂದೇ ಅಂಕೆ ತಾನೇ ಬದಲಾಗುದು? ಏಳು ಏಳೇ ಇರ್ಲಿ. ಅಷ್ಟು ಸತ್ಯ ಸಾಕು." ಆಮೇಲೆ ದನಿ ತಗ್ಗಿಸಿದರು. "ದಾದರಿನ ಒಬ್ಬಳು ಹುಡುಗಿ ಬಂದು ಟ್ರೇನರ್ ಕೆಲಸ ಕೇಳಿದ್ದಾಳೆ. ಬಿ.ಎ., ಫಟಾಫಟ್ ಇಂಗ್ಲಿಷ್. ನಾಳೆ ಅಲ್ಲ, ಮುಂದಿನ ಶನಿವಾರ ಅವಳಿಗೆ ಉತ್ತರ ಕೊಡಬೇಕು. ಅದರೊಳಗೆ ಶೀಲಕ್ಕ ವರ್ಷದ ಮೆಂಬರ್ ಆದರೆ ನೀನೇ ಟ್ರೇನರ್. ಇಲ್ಲದಿದ್ದರೆ ಟವೆಲ್ ಉಂಟಲ್ಲ."

ಪ್ರಫುಲ್ಲಾ ಮೂವತ್ತೇಳು ಬರೆಯಲಿಲ್ಲ. ಇಪ್ಪತ್ತೇಳೂ ಬರೆಯಲಿಲ್ಲ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ ಹೀಗೆಯೇ ಕಳೆದವು. ಪುಸ್ತಕದ ಹನ್ನೊಂದನೆಯ ಪುಟದಲ್ಲಿ ಒಂದು ಸಾಲಿತ್ತು: ಚರ್ಮ ಒಣಗಿರಬೇಕು, ಬೆವರು ಎಣ್ಣೆ ಇರಬಾರದು, ವ್ಯಾಯಾಮಕ್ಕೆ ಮೊದಲೇ ಅಳೆಯಬೇಕು. ಏಳು ತಿಂಗಳ ಹಿಂದೆಯೇ ಅದರ ಕೆಳಗೆ ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಗೊತ್ತಿದ್ದೂ ಹೇಳದೆ ಉಳಿದ ತಪ್ಪಿಗೆ ಪುಸ್ತಕದಲ್ಲಿ ಯಾವ ಪಟ್ಟಿಯೂ ಇರಲಿಲ್ಲ.

ಬುಧವಾರ ಶೀಲಕ್ಕ ತಾವಾಗಿಯೇ ಬಂದರು. ಕೈಯಲ್ಲಿ ಹೋಟೆಲಿನ ಮೈಸೂರುಪಾಕಿನ ಪೊಟ್ಟಣ.

"ಪಾಸಾದದ್ದಕ್ಕೆ ಮಗಾ! ನಮ್ಮವರು ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. 'ನಮ್ಮವಳು ಇಪ್ಪತ್ತೇಳು, ಮೆಷಿನ್ ಟೆಸ್ಟ್!' ಭಾಂಡಿ ತೊಳೆಯುವವನಿಗೂ ಗೊತ್ತು. ಓರಗಿತ್ತಿಗೆ ನಾನೇ ಫೋನ್ ಮಾಡಿದೆ. ಎರಡು ದಿನ ಆಯ್ತು, ಅವಳ ಸದ್ದಿಲ್ಲ."

ಕಾಂತಪ್ಪ ಮೈಸೂರುಪಾಕನ್ನು ವೈರಿಯ ಹಾಗೆ ನೋಡಿದರು. ಪಾಸಾದವರು ಟ್ಯೂಷನ್ನಿಗೆ ಸೇರುತ್ತಾರೆಯೆ? ಆಗ ನಡೆಯಬಾರದ್ದು ನಡೆಯಿತು. ಪ್ರಫುಲ್ಲಾ ಯಾರೂ ಕೇಳದೆ ಮಾತನಾಡಿದಳು.

"ಶೀಲಕ್ಕಾ, ಇವತ್ತು ಎಣ್ಣೆ ಹಚ್ಚಿಲ್ಲ ಅಲ್ಲವಾ?"

"ಬುಧವಾರ ಯಾರು ಹಚ್ತಾರೆ?"

"ಹಾಗಾದರೆ ಇನ್ನೊಮ್ಮೆ ಅಳೆಯಬೇಕು. ಅವತ್ತಿನದು ಸರಿ ಇಲ್ಲ."

ಕಾಂತಪ್ಪನ ಮುಖ ಬೆಳಗಿತು. ಕೊನೆಗೂ ಹುಡುಗಿಗೆ ದಂಧೆ ತಿಳಿಯಿತೆಂದು ಅವರು ಭಾವಿಸಿದರು. ಶೀಲಕ್ಕನೂ ನಗುತ್ತ ಪರದೆಯ ಹಿಂದೆ ಹೋದರು, ಈ ಸಲ ಇಪ್ಪತ್ತೈದಾದರೂ ಆಶ್ಚರ್ಯವಿಲ್ಲವೆಂದು. ಪ್ರಫುಲ್ಲಾ ಕೈ ತೊಳೆದು ಒರೆಸಿದಳು, ಅವರ ತೋಳನ್ನೂ ಒಣ ಟವೆಲಿನಿಂದ ಒರೆಸಿದಳು. ಸಂಕೋಚ ಬಿಟ್ಟು, ಮಾಂಸದಿಂದ ಕೊಬ್ಬು ಬೇರೆಯಾಗಿ ಬರುವಂತೆ, ಮಡಿಕೆಯನ್ನು ಪೂರ್ತಿ ಎತ್ತಿದಳು.

"ಅಯ್ಯಮ್ಮಾ! ಅವತ್ತು ಮುದ್ದು ಮಾಡಿದ್ದಾ ನೀನು?"

ತೋಳು ಇಪ್ಪತ್ತನಾಲ್ಕು, ಮತ್ತೆ ಇಪ್ಪತ್ತನಾಲ್ಕು, ಮೂರನೆಯ ಸಲವೂ ಇಪ್ಪತ್ತನಾಲ್ಕು. ಸೊಂಟ ಇಪ್ಪತ್ತೊಂಬತ್ತು. ತೊಡೆ ಮೂವತ್ತೇಳು. ಒಟ್ಟು ತೊಂಬತ್ತು. ಪಟ್ಟಿಯಲ್ಲಿ ಬೆರಳು ಕೆಳಗಿಳಿಯಿತು, ಇನ್ನೂ ಇಳಿಯಿತು. ಶೇಕಡಾ ಮೂವತ್ತನಾಲ್ಕು.

ಹೊರಗೆ ಬಂದು ಚೀಟಿ ಕೊಟ್ಟಾಗ ಕಾಂತಪ್ಪ ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಇದು ನೀನು ಮಾಡಿದ್ದಾ, ಬಂದದ್ದಾ?"

"ಬಂದದ್ದು."

ಕಾಂತಪ್ಪ ಹೊಟ್ಟೆ ಹಿಡಿದು ನಕ್ಕರು. "ನಾನು ಮುಟ್ಟದೆ, ನೋಡದೆ, ಕುರ್ಚಿಯಲ್ಲಿ ಕೂತು ಮೂವತ್ತೇಳು ಅಂದೆ. ಮೂರು ತಪ್ಪು. ನೀನು ಪುಸ್ತಕ ಓದಿ, ಮೂರು ಮೂರು ಸಲ ಚಿವುಟಿ, ಇಪ್ಪತ್ತೇಳು ಅಂದೆ. ಏಳು ತಪ್ಪು. ಹೇಳು, ಇಲ್ಲಿ ಟ್ರೇನರ್ ಯಾರು?"

ಪ್ರಫುಲ್ಲಾ ಮನಸ್ಸಿನಲ್ಲೇ ಎರಡನ್ನೂ ಕಳೆದು ನೋಡಿದಳು. ಲೆಕ್ಕ ಸರಿಯಾಗಿಯೇ ಇತ್ತು.

ಶೀಲಕ್ಕ ಸೀರೆ ಉಟ್ಟು ಬಂದು ಚೀಟಿ ನೋಡಿದರು. ನಗು ಹಾಗೆಯೇ ನಿಂತಿತು, ಅದನ್ನು ಎಲ್ಲಿ ಇಡಬೇಕೆಂದು ಅದಕ್ಕೇ ತಿಳಿಯದ ಹಾಗೆ. "ಐದು ದಿನದಲ್ಲಿ ಏಳು ಹೆಚ್ಚಾಯ್ತಾ? ಎಂತದ್ದು ಇದು? ಇಡೀ ಗಲ್ಲಿಗೆ ಗೊತ್ತಾದ ಮೇಲೆ! ಮೊದಲಿನದ್ದೇ ಇರ್ಲಿ. ಅದನ್ನೇ ಬರೆದುಕೊಡು." ಮೈಸೂರುಪಾಕಿನ ಪೊಟ್ಟಣವನ್ನು ಮೇಜಿನಿಂದ ಎತ್ತಿಕೊಂಡರು. ಒಂದು ಹೆಜ್ಜೆ ಇಟ್ಟು, ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಶುಭವಲ್ಲವೆಂದು ನೆನಪಾಗಿ, ಅದನ್ನು ಅಲ್ಲೇ ಕುಕ್ಕಿ ಹೋದರು.

"ಲೆಟರಿನಲ್ಲಿ ಮೂವತ್ತೇಳೇ ಹಾಕು" ಎಂದರು ಕಾಂತಪ್ಪ, ಮೈಸೂರುಪಾಕು ಬಾಯಿಗಿಟ್ಟು. "ಮೂವತ್ತನಾಲ್ಕು ಅರೆಬರೆ. ಹೆದರಿಸಲಿಕ್ಕೂ ಆಗುದಿಲ್ಲ, ಸಂತೋಷಕ್ಕೂ ಆಗುದಿಲ್ಲ."

ಹೀಗೆ ಗುರುವಾರ ಬೆಳಿಗ್ಗೆ ಗ್ಯಾಲರಿಯಲ್ಲಿ ಕುಳಿತ ಪ್ರಫುಲ್ಲಾಳ ಮುಂದೆ ಮೂರು ಸಂಖ್ಯೆಗಳಿದ್ದವು. ಧಣಿಗೆ ಬೇಕಾದದ್ದು, ಗಿರಾಕಿಗೆ ಬೇಕಾದದ್ದು, ಮತ್ತು ಬಂದದ್ದು. ಅವಳು ಪೆನ್ನಿನ ಮುಚ್ಚಳ ತೆಗೆದಳು.

"ನಿಮ್ಮ ಅಳತೆಯ ವಿಷಯ ಬರೆಯುತ್ತಿದ್ದೇನೆ. ತಕ್ಕಡಿ ನಿಮ್ಮ ತೂಕ ೬೬ ಕಿಲೋ ಎನ್ನುತ್ತದೆ. ಅದು ದೋಸೆಹಿಟ್ಟಿನ ಪಾತ್ರೆ ತೂಗಿದ ಹಾಗೆ. ಒಳಗೆ ಅಕ್ಕಿ ಎಷ್ಟು, ಉದ್ದು ಎಷ್ಟು ಎಂದು ತಕ್ಕಡಿಗೆ ಗೊತ್ತಿಲ್ಲ. ಅದನ್ನು ತಿಳಿಯಲಿಕ್ಕೆ ಇಕ್ಕಳ. ಚರ್ಮದ ಅಡಿಯಲ್ಲಿ ಕೊಬ್ಬು ಎಷ್ಟು ದಪ್ಪ ಉಂಟು ಎಂದು ಮೂರು ಕಡೆ ಅಳೆದು ಕೂಡಿಸಿ, ವಯಸ್ಸು ನೋಡಿ, ಇಡೀ ಮೈಯಲ್ಲಿ ಎಷ್ಟು ಇರಬಹುದು ಎಂದು ಪಟ್ಟಿ ಹೇಳುತ್ತದೆ. ಇದು ಅಂದಾಜು. ಯಾರೂ ಒಳಗೆ ಹೋಗಿ ನೋಡಿದ್ದಲ್ಲ.

"ಬುಧವಾರದ ಅಳತೆಯ ಪ್ರಕಾರ ನೂರರಲ್ಲಿ ೩೪ ಪಾಲು ಕೊಬ್ಬು. ಅಂದರೆ ೬೬ ಕಿಲೋದಲ್ಲಿ ಸುಮಾರು ಇಪ್ಪತ್ತೆರಡೂವರೆ ಕಿಲೋ. ಪುಸ್ತಕ ಇದನ್ನು ಹೆಚ್ಚು ಎನ್ನುತ್ತದೆ. ಕೊಬ್ಬು ಇರಲೇಬಾರದು ಎಂದಲ್ಲ. ಹೆಂಗಸರಿಗೆ ಸ್ವಲ್ಪ ಬೇಕೇ ಬೇಕು, ಇಲ್ಲದಿದ್ದರೆ ಆರೋಗ್ಯ ಕೆಡುತ್ತದೆ. ಈ ಲೆಕ್ಕ ಮೂರು ನಾಲ್ಕು ಆಚೀಚೆ ಆಗಬಹುದು. ಪಟ್ಟಿಯನ್ನು ಪರದೇಶದ ಹೆಂಗಸರನ್ನು ಅಳೆದು ಮಾಡಿದ್ದು. ಆದ್ದರಿಂದ ೩೦ರಿಂದ ೩೮ರ ಒಳಗೆ ಎಂದು ತಿಳಿಯಿರಿ. ಇದು ಕಾಯಿಲೆಯ ಪರೀಕ್ಷೆ ಅಲ್ಲ. ಬಿಪಿ, ಸಕ್ಕರೆ ಡಾಕ್ಟರರೇ ನೋಡಬೇಕು.

"ಶುಕ್ರವಾರ ೨೭ ಬಂದದ್ದು ತಪ್ಪು. ಐದು ದಿನದಲ್ಲಿ ನಿಮ್ಮ ಕೊಬ್ಬು ಹೆಚ್ಚಾಗಲಿಲ್ಲ. ನೀವು ಎಣ್ಣೆಸ್ನಾನ ಮಾಡಿ ಬಂದಿದ್ದಿರಿ, ಮಡಿಕೆ ಜಾರಿತು, ಅರ್ಧ ಮಾತ್ರ ನನ್ನ ಬೆರಳಿಗೆ ಸಿಕ್ಕಿತು. ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನನಗೆ ನಾಚಿಕೆಯಾಯಿತು. ಆದ್ದರಿಂದ ತಪ್ಪು ಎಣ್ಣೆಯದಲ್ಲ, ನನ್ನದು.

"ಇನ್ನೊಂದು ವಿಷಯ. ೬೬ರಲ್ಲಿ ಇಪ್ಪತ್ತೆರಡೂವರೆ ಕಳೆದರೆ ನಲವತ್ತಮೂರೂವರೆ ಕಿಲೋ ಉಳಿಯಿತು. ಅದು ಮಾಂಸಖಂಡ, ಎಲುಬು, ನೀರು. ಇದಕ್ಕೆ ಪುಸ್ತಕದಲ್ಲಿ ಪಟ್ಟಿ ಇಲ್ಲ. ಕ್ಲಬ್ಬಿನಲ್ಲಿ ನಾನು ಇದುವರೆಗೆ ನಿಮ್ಮನ್ನು ಸೇರಿಸಿ ಹದಿನಾಲ್ಕು ಹೆಂಗಸರನ್ನು ಅಳೆದಿದ್ದೇನೆ. ಆ ಎಲ್ಲರಲ್ಲಿ ಇದು ನಿಮ್ಮದೇ ಹೆಚ್ಚು, ನಿಮಗಿಂತ ಎತ್ತರದವರೂ ಅದರಲ್ಲಿ ಇದ್ದಾರೆ. ಹದಿನಾಲ್ಕು ವರ್ಷ ಹಿಟ್ಟು ಕಡೆದದ್ದರಿಂದ ಇರಬಹುದು, ಗ್ಯಾರಂಟಿ ಹೇಳಲಾರೆ. ಬರೀ ಊಟ ಬಿಟ್ಟು ತೂಕ ಇಳಿಸಿದರೆ ಇದೂ ಕರಗುತ್ತದೆ. ಹಾಗೆ ಮಾಡಬೇಡಿ. ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿಯುವುದು ಬೇಡ. ನಡೆಯುವುದು ಮತ್ತು ಭಾರ ಎತ್ತುವುದು ಎರಡೂ ಬೇಕು. ಸೊಂಟ ಅಲುಗಾಡಿಸುವ ಬೆಲ್ಟಿನ ಮೆಷಿನ್ ಬಗ್ಗೆ ಪುಸ್ತಕದಲ್ಲಿ ನಾನು ಹುಡುಕಿದೆ, ಏನೂ ಇಲ್ಲ."

ಕೊನೆಯ ಸಾಲನ್ನು ಅವಳು ಇನ್ನೊಮ್ಮೆ ಓದಿದಳು. ಕ್ಲಬ್ಬಿನ ಅತ್ಯಂತ ದೊಡ್ಡ ಆಕರ್ಷಣೆಯೇ ಆ ಬೆಲ್ಟು. ಹೊಡೆದು ಹಾಕೋಣವೆಂದು ಪೆನ್ನು ಎತ್ತಿದಳು. ಆದರೆ ಹುಡುಕಿದ್ದು ನಿಜ, ಇಲ್ಲದಿದ್ದದ್ದೂ ನಿಜ. ಸಾಲು ಉಳಿಯಿತು.

ಮಧ್ಯಾಹ್ನ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಗ್ರಾಂಟ್ ರೋಡಿಗೆ ಬಂದಳು. ಮೊದಲು ಪತ್ರವನ್ನು ಕಾಂತಪ್ಪನಿಗೆ ತೋರಿಸಬೇಕಿತ್ತು. ಅವರ ಮನೆ ಕ್ಲಬ್ಬಿನ ಮೇಲಿನ ಮಾಳಿಗೆಯಲ್ಲೇ. ಕಾಂತಪ್ಪ ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ, ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎರಡು ಹಾಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಏನಿಷ್ಟು ಉದ್ದ? ಮೂವತ್ತೇಳು ಎಲ್ಲುಂಟು?"

"ಮೂವತ್ತರಿಂದ ಮೂವತ್ತೆಂಟರ ಒಳಗೆ ಅಂತ ಬರೆದಿದ್ದೇನೆ, ಕಾಂತಣ್ಣ."

ಕಾಂತಪ್ಪ ಬೆರಳು ಮಡಿಚಿ ಎಣಿಸಿದರು. "ಅಂದರೆ ಅದರೊಳಗೆ ಮೂವತ್ತೇಳು ಬಂತು."

"ಬಂತು."

"ಶಾಬಾಸ್!" ಎಂದು ಅವರೇ ಲಕೋಟೆಗೆ ಅಂಟು ಹಚ್ಚಿದರು. ಸುಳ್ಳು ಹೇಳಲು ಬಾರದವರಿಗೆ ಸತ್ಯ ಕೆಲವೊಮ್ಮೆ ಇಂಥ ಸಣ್ಣ ಉಪಕಾರ ಮಾಡುತ್ತದೆ. ಹೋಟೆಲಿನ ಗಲ್ಲಾದ ಮೇಲೆ ಲಕೋಟೆ ಇಟ್ಟು, ಧಣಿಯವರು 'ಯಾರಮ್ಮ' ಎಂದು ಕೇಳುವುದರೊಳಗೆ ಪ್ರಫುಲ್ಲಾ ಗಲ್ಲಿ ದಾಟಿದ್ದಳು.

ಶುಕ್ರವಾರ ಹನ್ನೊಂದು ಗಂಟೆಗೆ ಕ್ಲಬ್ಬಿನ ಬಾಗಿಲಲ್ಲಿ ಮೊದಲು ಮಲ್ಲಿಗೆಯ ವಾಸನೆ, ಹಿಂದೆಯೇ ತೆಂಗಿನೆಣ್ಣೆಯ ವಾಸನೆ, ಆಮೇಲೆ ಶೀಲಕ್ಕ. ಮುಖ ಬಿಗಿದಿತ್ತು. ಕಾಂತಪ್ಪ ಎದ್ದು ನಿಂತರು. ಪ್ರಫುಲ್ಲಾ ಟವೆಲುಗಳನ್ನು ಮಡಿಸತೊಡಗಿದಳು. ಹೇಗೂ ಅಭ್ಯಾಸ ಬಿಡಬಾರದು.

"ಫಾರಮ್ ಕೊಡಿ" ಎಂದರು ಶೀಲಕ್ಕ. "ಒಂದು ವರ್ಷದ್ದು. ಬೆಲ್ಟಿನ ಮೆಷಿನ್ ಬೇಡ."

ಬೆಲ್ಟು ಯಾಕೆ ಬೇಡವೆಂದು ಕೇಳಲು ಹೋಗಿ ಕಾಂತಪ್ಪ ಬಾಯಿ ಮುಚ್ಚಿಕೊಂಡರು. ಫಾರಮ್ ತುಂಬಿಸುವಾಗ ಪ್ರಫುಲ್ಲಾಳ ಕಡೆ ಕಣ್ಣು ಮಿಟುಕಿಸಿ, "ಹೆದರಿದ್ದಾರೆ, ಕೆಲಸ ಮಾಡ್ತು ನಮ್ಮ ನಂಬರು" ಎಂದು ಪಿಸುಗುಟ್ಟಿದರು. ದಾದರಿನ ಹುಡುಗಿಗೆ ಫೋನ್ ಮಾಡಿ ಜಾಗವಿಲ್ಲವೆಂದು ಹೇಳಲು ಅವರು ಶನಿವಾರದವರೆಗೂ ಕಾಯಲಿಲ್ಲ.

ಅವರು ಫೋನಿನ ಹತ್ತಿರ ಹೋದಾಗ ಶೀಲಕ್ಕ ಪ್ರಫುಲ್ಲಾಳನ್ನು ಕಿಟಕಿಯ ಬಳಿಗೆ ಎಳೆದರು. ಬ್ಲೌಸಿನೊಳಗಿನ ಪರ್ಸಿನಿಂದ, ನಾಲ್ಕಾಗಿ ಎಂಟಾಗಿ ಮಡಿಸಿದ ಪತ್ರ ತೆಗೆದರು. ಅದಕ್ಕೂ ಎಣ್ಣೆ ಹತ್ತಿತ್ತು.

"ಇಪ್ಪತ್ತೆರಡು ವರ್ಷ ಹೋಟೆಲಿನಲ್ಲಿ ಇದ್ದವಳು ನಾನು. ಅಕ್ಕಿಯವನು, ಬೆಣ್ಣೆಯವನು, ತರಕಾರಿಯವನು, ಎಷ್ಟು ತಕ್ಕಡಿ ನೋಡಿದ್ದೇನೆ! ನನ್ನ ತಕ್ಕಡಿ ತಪ್ಪಿತ್ತು ಅಂತ ತೂಗಿದವನೇ ಬರೆದುಕೊಟ್ಟದ್ದು ಇದೇ ಮೊದಲು ನೋಡುದು. ಓದಿ ಸಿಟ್ಟು ಬಂತು. ರಾತ್ರಿ ಊಟ ಮಾಡ್ಲಿಲ್ಲ. ಆಮೇಲೆ ನೀನು ಬರೆದದ್ದೇ ನೆನಪಾಯ್ತು, ಊಟ ಬಿಡಬಾರ್ದು ಅಂತ. ಎದ್ದು ಉಂಡೆ."

ಪ್ರಫುಲ್ಲಾ ಕಾಲಬೆರಳು ನೋಡುತ್ತಿದ್ದಳು.

"ಇಲ್ಲಿ ನೋಡು, ಈ ಜಾಗ." ಶೀಲಕ್ಕ ಎರಡನೆಯ ಹಾಳೆಯ ಮೇಲೆ ಬೆರಳಿಟ್ಟರು. ನಲವತ್ತಮೂರೂವರೆ ಇದ್ದ ಜಾಗ. "ಇದನ್ನು ನಮ್ಮವರ ಹತ್ತಿರ ಮೂರು ಸಲ ಓದಿಸಿದೆ. 'ಎಲ್ಲರಲ್ಲಿ ನಿಮ್ಮದೇ ಹೆಚ್ಚು.' ಅವರು ಆ ಗ್ರೈಂಡರ್ ತಂದ ದಿವಸದಿಂದ ಹೇಳ್ತಾ ಬಂದಿದ್ದಾರೆ, ನಿನಗೆ ಆರಾಮ ಕೊಟ್ಟೆ ಅಂತ. ಮೊದಲ ಸಲ ಸುಮ್ಮನಾದ್ರು." ಪತ್ರ ಮತ್ತೆ ಎಂಟಾಗಿ ಮಡಿಚಿ ಒಳಗೆ ಹೋಯಿತು. "ಆದರೆ ಒಂದು ಮಾತು ಮಗಾ. ಓರಗಿತ್ತಿ ಕೇಳಿದರೆ ಇಪ್ಪತ್ತೇಳೇ. ಅದು ನಾನು ಹೇಳ್ತೇನೆ. ನೀನು ಸುಳ್ಳು ಹೇಳುದು ಬೇಡ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅದು ನಿನಗೆ ಚೆನ್ನಾಗಿ ಬರ್ತದಲ್ಲ!"

ಶಾಲೆ ಬಿಡಿಸಿದ ಆ ಒಂದು ವಿದ್ಯೆಗೆ ಕೊನೆಗೂ ಯಾರೋ ಬೆಲೆ ಕಟ್ಟಿದ್ದರು. ಪ್ರಫುಲ್ಲಾ ತಲೆಯಾಡಿಸಿದಳು. ಆಮೇಲೆ, ಒಂದು ವಾರದಲ್ಲಿ ಎರಡನೆಯ ಸಲ, ಯಾರೂ ಕೇಳದೆ ಬಾಯಿ ತೆರೆದಳು.

"ಶೀಲಕ್ಕಾ, ಇವತ್ತೂ ಎಣ್ಣೆ ಹಚ್ಚಿದ್ದೀರಿ."

"ಶುಕ್ರವಾರ ಅಲ್ಲವಾ? ಸೇರುವ ದಿವಸ. ಅಳೆಯುವ ದಿವಸ ಹಚ್ಚುದಿಲ್ಲ, ಆಯ್ತಾ ಟೀಚರೇ?"

ಅಂದು ಅವರಿಗೆ ಮೊದಲ ಪಾಠ: ಕೈಗೊಂದರಂತೆ ಎರಡು ಕಿಲೋದ ಡಂಬೆಲ್, ಹತ್ತು ಸಲ. ಒರಳಿನ ಗುಂಡು ತಿರುಗಿಸಿದ ಕೈ ಅದನ್ನು ಚಮಚದ ಹಾಗೆ ಎತ್ತಿತು. ಮೂರು ಕಿಲೋದ್ದು ಕೊಡಬೇಕಾಯಿತು.

ನಾಲ್ಕು ಗಂಟೆಗೆ, ಗಂಡಸರ ಹೊತ್ತು ಶುರುವಾಗುವ ಮುಂಚೆ, ಪ್ರಫುಲ್ಲಾ ಟವೆಲುಗಳನ್ನು ಎಣಿಸಿ ಕಪಾಟಿನಲ್ಲಿಟ್ಟಳು. ಟ್ರೇನರ್ ಆದ ಮೇಲೂ ಆ ಕೆಲಸ ಅವಳದೇ ಎಂದು ಕಾಂತಪ್ಪ ಫೋನ್ ಇಟ್ಟ ಕೂಡಲೇ ಸ್ಪಷ್ಟಪಡಿಸಿದ್ದರು. ನಂತರ ಕ್ಯಾಲೆಂಡರಿನ ಮುಂದೆ ನಿಂತು ಎಂಟು ವಾರ ಎಣಿಸಿ, ಒಂದು ಬುಧವಾರಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಆ ದಿನ ಹನ್ನೊಂದು ಗಂಟೆಗೆ, ವ್ಯಾಯಾಮಕ್ಕೆ ಮೊದಲು, ಅವಳು ಶೀಲಕ್ಕನ ಬಲಗೈಯನ್ನು ಒಣ ಟವೆಲಿನಿಂದ ಒರೆಸಿ ಮೂರು ಸಲ ಅಳೆಯುತ್ತಾಳೆ, ಬಂದದ್ದನ್ನು ಬರೆಯುತ್ತಾಳೆ.